ಗೋಕರ್ಣ–ಮುರ್ಡೇಶ್ವರ ಯಾತ್ರೆ: ಎಲ್ಲರೂ ಓದಿಕೊಳ್ಳಿ

ಮನೆಯ ಹಿರಿಯರೆಲ್ಲರಿಗೆ ನಮಸ್ಕಾರ.

ವಾರಾಂತ್ಯದ ಜನಜಂಗುಳಿ ಬೇಡವೆಂದು ಬುಧವಾರ ಹೊರಟು ಗುರುವಾರ ಸಂಜೆ ಮರಳುವುದೆಂದು ನಿಶ್ಚಯವಾಗಿದೆ. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್‌ನಲ್ಲಿ ನಾವು ಒಂಬತ್ತೇ ಮಂದಿ. ಮುಂದಿನ ಸೀಟುಗಳು ಮೊಣಕಾಲು ನೋವಿನವರಿಗೆ. ನಾನು, ತಂಗಿ, ಭಾವ ಹಿಂದೆ ಕೂರುತ್ತೇವೆ.

ಬುಧವಾರ ಬೆಳಿಗ್ಗೆ 6ಕ್ಕೆ ಶಿರಸಿ ಬಿಡುತ್ತೇವೆ. ದೇವಿಮನೆ ಘಟ್ಟ ಇಳಿಯುವ ಮೊದಲೊಮ್ಮೆ ನಿಲ್ಲಿಸಿ ಕೈಕಾಲು ಸಡಿಲ ಮಾಡಿಕೊಳ್ಳೋಣ. ತಿರುವುಗಳಲ್ಲಿ ವಾಂತಿಯಾಗುವವರು ಮಾತ್ರೆ ಬೇಕೇ ಎಂದು ಈಗಲೇ ವೈದ್ಯರನ್ನು ಕೇಳಿರಿ. ಘಟ್ಟದ ನಡುವೆ ನೆನಪಾದರೆ ಪ್ರಯೋಜನವಿಲ್ಲ. ತಿಂಡಿ ಕುಮಟಾದಲ್ಲಿ. ಆಮೇಲೆ ಧಾರೇಶ್ವರ, ಗುಣವಂತೆ, ಇಡಗುಂಜಿ. ಮಧ್ಯಾಹ್ನದ ಊಟದ ನಂತರ ನೇರವಾಗಿ ಮುರ್ಡೇಶ್ವರದ ಕೋಣೆಗೆ. ಸಂಜೆಯವರೆಗೆ ಎಲ್ಲರೂ ಮಲಗಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆಯೆಂದು ಹುರುಪಾಗಬೇಡಿ, ಸಾಲಿನಲ್ಲಿ ನಿಲ್ಲುವ ಕಾಲು ನಮ್ಮದೇ.

ಗುರುವಾರ 6.30ಕ್ಕೆ ಹೊರಟು ಗೋಕರ್ಣ. ಮಹಾಬಲೇಶ್ವರನ ಗುಡಿಯಲ್ಲಿ ಗಂಡಸರು ಅಂಗಿ ತೆಗೆಯಬೇಕು, ಆದ್ದರಿಂದ ಪಂಚೆ, ಶಲ್ಯ ಕೈಚೀಲದಲ್ಲಿರಲಿ. ಪಂಚಕ್ಷೇತ್ರ ಪೂರ್ತಿಯಾಗಲೆಂದು ಯಲ್ಲಾಪುರದ ಚಿಕ್ಕಪ್ಪನವರ ಆಸೆ. ಆದರೆ ಶೆಜ್ಜೇಶ್ವರ ಕಾರವಾರದಲ್ಲಿದೆ, ಗೋಕರ್ಣದಿಂದ ಇನ್ನೂ ಸುಮಾರು 60 ಕಿಲೋಮೀಟರ್. ಈ ಸಲ ನಾಲ್ಕಕ್ಕೇ ತೃಪ್ತರಾಗೋಣ. ಕತ್ತಲಾಗುವ ಮೊದಲು ಘಟ್ಟ ಹತ್ತಬೇಕು.

ಔಷಧಿಯ ವಿಷಯ ಮಾತ್ರ ನಿಧಾನವಾಗಿ ಓದಿರಿ. ಮೂರು ದಿನಕ್ಕಾಗುವಷ್ಟು ಮಾತ್ರೆ ತನ್ನಿ, ಒಂದು ದಿನದ್ದು ಹೆಚ್ಚಿಗೆ. ಪೊಟ್ಟಣದಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ಬಿಳಿ ಮಾತ್ರೆಗಳೆಲ್ಲ ಒಂದೇ ಥರ ಕಾಣುತ್ತವೆ. ಅವು ಡಿಕ್ಕಿಯ ಬ್ಯಾಗಿನಲ್ಲಿ ಬೇಡ, ಮಡಿಲಲ್ಲಿರಲಿ. ಹೆಗಡೆಕಟ್ಟೆಯ ಮಾವನ ಇನ್ಸುಲಿನ್‌ಗೆ ತಣ್ಣನೆಯ ಡಬ್ಬಿ ನಾನು ತರುತ್ತೇನೆ. ಸೀಸೆ ಮಂಜುಗಡ್ಡೆಗೆ ತಾಗಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮಾವ, ಪಂಕ್ತಿಯಲ್ಲಿ ಕೂತಾಕ್ಷಣ ಚುಚ್ಚಿಕೊಳ್ಳಬೇಡಿ. ಅನ್ನ ಎಲೆಗೆ ಬಿದ್ದ ಮೇಲೆಯೇ ಆಗಲಿ. ದೇವಸ್ಥಾನದ ಊಟ ಅರ್ಧ ಗಂಟೆ ತಡವಾಗುವುದು ಹೊಸದಲ್ಲ. ಸಕ್ಕರೆ ಕಾಯಿಲೆಯವರು ದರ್ಶನ ಮುಗಿಯುವವರೆಗೆ ಉಪವಾಸವೆಂದು ಹಟ ಹಿಡಿದರೆ ಗಾಡಿ ಹತ್ತಿಸಿಕೊಳ್ಳುವುದಿಲ್ಲ. ಬೆವರಿ ಕೈ ನಡುಗಿದರೆ ತಕ್ಷಣ ಹೇಳಿರಿ, ಗ್ಲೂಕೋಸ್ ಪುಡಿ ತಂಗಿಯ ಬಳಿ ಇರುತ್ತದೆ. ಶೌಚಕ್ಕೆ ನಿಲ್ಲಿಸಲು ಸಂಕೋಚವೆಂದು ನೀರು ಕುಡಿಯದೆ ಕೂರುವುದೂ ಬೇಡ. ಕರಾವಳಿಯ ಸೆಕೆ ನಮ್ಮ ಘಟ್ಟದ ಮೇಲಿನವರಿಗೆ ಬೇಗ ತಟ್ಟುತ್ತದೆ. ಗಂಟೆಗೊಮ್ಮೆ ಗಾಡಿ ನಿಂತೇ ನಿಲ್ಲುತ್ತದೆ.

ಕೋಣೆಗಳು ನಾಲ್ಕು, ಮೂರು ನೆಲಮಹಡಿಯಲ್ಲಿ. ದೊಡ್ಡಾಯಿ, ಸಿದ್ದಾಪುರದ ಅತ್ತೆ ಮತ್ತು ತಂಗಿ ಒಂದರಲ್ಲಿ. ರಾತ್ರಿ ಏಳುವವರಿಗೆ ಕೈ ಹಿಡಿಯಲು ಅವಳಿರುತ್ತಾಳೆ. ಹೆಗಡೆಕಟ್ಟೆಯ ಮಾವ, ಅತ್ತೆ ಪಕ್ಕದ ಕೋಣೆಯಲ್ಲಿ. ಅಪ್ಪಯ್ಯ ಮತ್ತು ಚಿಕ್ಕಪ್ಪ ಮೂರನೆಯದರಲ್ಲಿ. ಇಬ್ಬರ ಗೊರಕೆಯೂ ಸಮಬಲದ್ದು, ದೂರು ಬರಲಾರದು. ಮೇಲಿನ ಕೋಣೆ ನನಗೆ, ಭಾವನಿಗೆ. ಮೂರೂ ಕೋಣೆಗಳಲ್ಲಿ ಕಮೋಡ್ ಇದೆಯೆಂದು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಒಳಗಿನಿಂದ ಚಿಲಕ ಹಾಕಬೇಡಿ, ಬಾಗಿಲು ಮುಂದೆ ಮಾಡಿದರೆ ಸಾಕು.

ನಿಮ್ಮ ನಿಮ್ಮ ಮಾತ್ರೆಗಳ ಹೆಸರು, ಹೊತ್ತು ಬರೆದ ಚೀಟಿಯ ಫೋಟೋವನ್ನು ಭಾನುವಾರ ಸಂಜೆಯೊಳಗೆ ನನಗೆ ಕಳಿಸಿರಿ. ದೊಡ್ಡಾಯಿಯದನ್ನು ನಾನೇ ಮನೆಗೆ ಬಂದು ಬರೆದುಕೊಳ್ಳುತ್ತೇನೆ.