ಚಹಾಕ್ಕಲ್ಲ, ರೊಟ್ಟಿಗೆ

ಕಸ್ತೂರಿಯ ಹೆಸರಿಗೆ ಉಜ್ವಲದ ಗ್ಯಾಸ್ ಬಂದದ್ದು 2021ರ ದೀಪಾವಳಿ ಹೊತ್ತಿಗೆ. ಒಲೆ, ಮೊದಲ ಸಿಲಿಂಡರ್ ಎರಡೂ ಪುಕ್ಕಟೆ. ಸಿಂದಗಿ ತಾಲ್ಲೂಕಿನ ಆ ಊರಲ್ಲಿ ಇನ್ನೂ ಹಲವು ಮನೆಗಳಿಗೆ ಬಂತು. ಸಿಲಿಂಡರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಚಹಾ ಕಾಸಿದರು. ಆಮೇಲೆ ಎರಡು ವರ್ಷ ಅದರ ಮೇಲೆ ಚಹಾ ಬಿಟ್ಟರೆ ಬೇರೇನೂ ಆಗಲಿಲ್ಲ.

2022ರಲ್ಲಿ ಸಿಲಿಂಡರ್ ಬೆಲೆ ಸಾವಿರ ದಾಟಿತು. ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತೆ, ಮೊದಲು ಪೂರ್ತಿ ದುಡ್ಡು ಕೈಯಿಂದಲೇ ಕೊಡಬೇಕು. ತೊಗರಿ ಕಟಗಿ ಹೊಲದಲ್ಲಿ ಸುಮ್ನೆ ಬಿದ್ದಿರುತ್ತೆ, ಕುಳ್ಳು ಹಿತ್ತಲಲ್ಲೇ ಇವೆ. ಅದೂ ಅಲ್ಲದೆ ಅತ್ತೆ ನೀಲವ್ವನಿಗೆ ಗ್ಯಾಸಿನ ಮೇಲಿನ ರೊಟ್ಟಿ ಸೇರುತ್ತಿರಲಿಲ್ಲ.

"ನಡುವ ಹೊತ್ತತೈತಿ, ಅಂಚಿಗೆ ಹಸಿ ಉಳಿತೈತಿ. ಕೆಂಡಕ್ಕ ಒರಗಿಸಿದ ರೊಟ್ಟಿ ಉಬ್ಬಿದಂಗ ಇದು ಉಬ್ಬತೈತೇನು?"

ಅವಳು ಹೇಳಿದ್ದು ಸುಳ್ಳಲ್ಲ. ಸಣ್ಣ ಬರ್ನರಿನ ಬೆಂಕಿ ದೊಡ್ಡ ಹಂಚಿನ ನಡುವಿಗಷ್ಟೇ ತಾಗುತ್ತೆ.

ಹಾಗಾಗಿ ದಿನಾ ಎರಡು ಹೊತ್ತು ಕಟಗಿ ಒಲೆಯೇ ಉರಿಯಿತು. ಹಳೆಯ ಮಾಳಿಗೆ ಮನೆ. ಅಡುಗೆ ಕೋಣೆಗೆ ಕಿಟಕಿ ಇಲ್ಲ, ಮೇಲೊಂದು ಬೆಳಕಿಂಡಿ ಅಷ್ಟೇ. ಕಸ್ತೂರಿ ಊದುಗೊಳವಿ ಹಿಡಿದು ಕೂತರೆ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಚಳಿಗೆ ಬೆಚ್ಚಗಿರಲಿ ಅಂತ ನೀಲವ್ವ ಮೊಮ್ಮಗಳು ಭಾಗ್ಯಳನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಒಲೆ ಮುಂದೆ ಕೂರುತ್ತಿದ್ದಳು. ಮೂವರಿಗೂ ಕೆಮ್ಮು. ಕೂಸಿಗೆ ನೆಗಡಿ ಅಂದರು, ಅತ್ತೆಗೆ ವಯಸ್ಸಾಯಿತು ಅಂದರು. ಕಸ್ತೂರಿಯನ್ನು ಯಾರೂ ಕೇಳಲಿಲ್ಲ. ಗಂಡ ಶಿವಪ್ಪ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದ, ಅವನಿಗೆ ಕೆಮ್ಮಿರಲಿಲ್ಲ.

2023ರ ಡಿಸೆಂಬರಿನಲ್ಲಿ ಭಾಗ್ಯಳಿಗೆ ಎರಡು ತುಂಬಿತ್ತು. ಒಂದು ರಾತ್ರಿ ಎದೆ ಗೊರಗುಟ್ಟಲು ಶುರುವಾಯಿತು. ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದು ಕೂಸಿನ ಅಂಗಿ ಮೇಲೆತ್ತಿದಳು. ಗಡಿಯಾರ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿದಳು.

"54 ಐತ್ರೀ. ಈ ವಯಸ್ಸಿಗೆ 40 ಮುಟ್ಟಿದ್ರನ ಜೋರು ಅಂತೀವ್ರಿ. ಪಕ್ಕಡಿ ಒಳಗ ಎಳಿಯಾಕತ್ತಾವ ನೋಡ್ರಿ. ಈಗಿಂದೀಗ ಸಿಂದಗಿಗೆ ಕರ್ಕೊಂಡ ಹೋಗ್ರಿ."

ನ್ಯುಮೋನಿಯಾ ಆಗಿತ್ತು. ನಾಲ್ಕು ದಿನ ದವಾಖಾನೆಯಲ್ಲಿ ಕಳೆದರು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಒಲಿ ಹಚ್ಚಿದಾಗ ಕೂಸು ಎಲ್ಲಿರತೈತಿ?"

ಕಸ್ತೂರಿ ತಲೆ ತಗ್ಗಿಸಿದಳು.

"ನನ್ನ ತೊಡಿ ಮ್ಯಾಲ್ರಿ," ಅಂದಳು ನೀಲವ್ವ.

ಡಾಕ್ಟರ್ ಬೈಯಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹೊಗೆಯ ಕಣಗಳು ಪುಪ್ಪುಸದ ತಳದವರೆಗೂ ಇಳಿಯುತ್ತವೆ, ಸಣ್ಣ ಮಕ್ಕಳ ಉಸಿರು ದೊಡ್ಡವರಿಗಿಂತ ಬೇಗ ಓಡುವುದರಿಂದ ಅವಕ್ಕೆ ಹೊಗೆ ಜಾಸ್ತಿ ಹೋಗುತ್ತೆ ಎಂದು ಬಿಡಿಸಿ ಹೇಳಿದರು. ಬಸ್ಸಿನಲ್ಲಿ ಊರಿಗೆ ಬರುವವರೆಗೂ ನೀಲವ್ವ ಮಾತಾಡಲಿಲ್ಲ.

ರೇಷನ್ ಕಾರ್ಡಿನಲ್ಲಿ ಯಜಮಾನಿ ಅವಳೇ. ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದ್ದದ್ದು ಅವಳ ಖಾತೆಗೆ. ಕೂಸಿಗೆ ಕಿವಿಯೋಲೆ ಮಾಡಿಸಬೇಕೆಂದು ಅದನ್ನು ಮುಟ್ಟದೆ ಇಟ್ಟಿದ್ದಳು. ಮರುದಿನ ಬ್ಯಾಂಕಿಗೆ ಹೋಗಿ ಬಂದು ಸೊಸೆಯ ಕೈಗೆ ನೋಟು ಇಟ್ಟಳು.

"ಗ್ಯಾಸ್ ತರಸು. ಚಹಾಕ್ಕಲ್ಲ, ರೊಟ್ಟಿಗೆ."

ಗ್ಯಾಸಿನ ಮೇಲೆ ರೊಟ್ಟಿ ಹದ ಮಾಡಿದ್ದೂ ಅವಳೇ. ದೊಡ್ಡ ಹಂಚು ಪಕ್ಕಕ್ಕಿಟ್ಟು ಸಣ್ಣ ಕಬ್ಬಿಣದ ಹಂಚು ತಂದಳು. ರೊಟ್ಟಿ ಸ್ವಲ್ಪ ಸಣ್ಣದಾಗಿ ಬಡಿದಳು, ಹಂಚನ್ನು ಆಗಾಗ ಸರಿಸಿದಳು, ಕೊನೆಗೆ ಇಕ್ಕಳದಲ್ಲಿ ಹಿಡಿದು ನೇರ ಉರಿಗೆ ಒಡ್ಡಿದಳು. ಉಬ್ಬಿತು. "ರುಚಿ ಅದಲ್ಲ," ಅನ್ನುವುದನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಮೊದಲು ಗೊತ್ತಾದದ್ದು ಕಸ್ತೂರಿಯ ಕಣ್ಣಿಗೆ. ಉರಿ ನಿಂತಿತು. ಅಡುಗೆ ಮುಗಿಸಿ ಎದ್ದಾಗ ತಲೆ ಭಾರ ಇರುವುದೇ ಸಹಜ ಅಂತ ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು, ಪಾಪ. ಅದೂ ಹೋಯಿತು. ಮುಂದಿನ ಚಳಿಗಾಲದಲ್ಲಿ ಭಾಗ್ಯಳಿಗೆ ಎಲ್ಲ ಮಕ್ಕಳ ಹಾಗೆ ನೆಗಡಿ ಬಂತು, ಹೋಯಿತು. ಪಕ್ಕಡಿ ಎಳೆಯಲಿಲ್ಲ. ನೀಲವ್ವನ ದಮ್ಮು ಮಾತ್ರ ಹೋಗಲಿಲ್ಲ. ನಲವತ್ತು ವರ್ಷದ ಹೊಗೆ ಅದು, ಔಷಧದ ಪಂಪು ಇದ್ದೇ ಇದೆ. ಆದರೆ ನಡುರಾತ್ರಿ ಎದ್ದು ಕೂತು ಕೆಮ್ಮುವುದು ಕಡಿಮೆಯಾಯಿತು. ಸ್ನಾನದ ನೀರಿಗೆ ತೊಗರಿ ಕಟಗಿ ಈಗಲೂ ಬೇಕು, ಆ ಒಲೆ ಅಂಗಳದಲ್ಲಿದೆ.

ಒಂದು ಸಲ ಗೃಹಲಕ್ಷ್ಮಿ ಕಂತು ತಡವಾಯಿತು. ಅದೇ ಹೊತ್ತಿಗೆ ಸಿಲಿಂಡರೂ ಖಾಲಿ. ಕಸ್ತೂರಿ ಕಟಗಿ ತಂದು ಒಳಗಿನ ಹಳೆಯ ಒಲೆಯ ಬೂದಿ ತೆಗೆಯುತ್ತಿದ್ದಳು.

"ಒಳಗ ಹಚ್ಚಬ್ಯಾಡ," ನೀಲವ್ವ ಬಾಗಿಲಲ್ಲೇ ನಿಂತು ಹೇಳಿದಳು. "ಅಂಗಳದಾಗ ಮಾಡು."

"ಎರಡ ದಿನದ ಮಾತಲ್ರೀ ಅತ್ತಿ, ಹೊರಗ ಗಾಳಿ ಭಾಳ ಐತಿ."

"ಇರಲಿ. ಹಿಟ್ಟು ಕೊಡ ಇಲ್ಲಿ, ನಾ ಬಡಿತೀನಿ. ನೀ ಕೂಸಿನ್ನ ಕರ್ಕೊಂಡ ಆಚಿ ಮನಿಗೆ ನಡಿ. ಮತ್ತ ನಿನ್ನ ಗಂಡಗ ಹೇಳು, ಎಮ್ಮಿ ಹಾಲಿನ ರೊಕ್ಕದಾಗ ಗ್ಯಾಸ್ ತರಲಿ. ನನ್ನ ಕಂತು ಬಂದ ಮ್ಯಾಲೆ ಕೊಡ್ತೀನಂತ ಹೇಳು."