ವಿದ್ಯಾರ್ಥಿಯ ಸಾವಿನ ನಂತರ: ಶಾಲೆಯ ಎಲ್ಲ ಸಿಬ್ಬಂದಿಗೆ ಮಾರ್ಗಸೂಚಿ

ನಮ್ಮ ಹತ್ತನೇ ತರಗತಿ 'ಬಿ' ವಿಭಾಗದ ವಿದ್ಯಾರ್ಥಿಯೊಬ್ಬ ಶನಿವಾರ ರಾತ್ರಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದಾನೆ. ಮುಖ್ಯೋಪಾಧ್ಯಾಯರು ಮತ್ತು ಆಪ್ತಸಮಾಲೋಚಕರು ಭಾನುವಾರ ಅವನ ಮನೆಗೆ ಹೋಗಿ ಬಂದಿದ್ದಾರೆ. ಸಾವು ಆತ್ಮಹತ್ಯೆಯಿಂದ ಆದದ್ದೆಂದು ಮಕ್ಕಳಿಗೆ ಹೇಳಲು ತಂದೆತಾಯಿ ಒಪ್ಪಿದ್ದಾರೆ. ಅದಕ್ಕಿಂತ ಹೆಚ್ಚಿನ ಯಾವ ವಿವರವೂ ಶಾಲೆಯಿಂದ ಹೊರಹೋಗಬಾರದೆಂದು ಕೇಳಿಕೊಂಡಿದ್ದಾರೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ವೇಳೆ ಮೈಕಿನಲ್ಲಿ ಈ ವಿಷಯವನ್ನು ಪ್ರಕಟಿಸುವುದಿಲ್ಲ. ದೊಡ್ಡ ಗುಂಪಿನಲ್ಲಿ ಒಬ್ಬರ ಅಳು ಇನ್ನೊಬ್ಬರನ್ನು ಆವರಿಸುತ್ತದೆ, ಯಾರು ತತ್ತರಿಸಿದ್ದಾರೆಂದು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಅವನ ಹತ್ತಿರದ ಗೆಳೆಯರಿಗೆ ಆಪ್ತಸಮಾಲೋಚಕರು ಮೊದಲೇ ಪ್ರತ್ಯೇಕವಾಗಿ ತಿಳಿಸುತ್ತಾರೆ. ಉಳಿದ ತರಗತಿಗಳಲ್ಲಿ ಮೊದಲ ಅವಧಿಯಲ್ಲಿ ತರಗತಿ ಶಿಕ್ಷಕರು ಕೆಳಗಿನ ಮಾತುಗಳನ್ನೇ, ಸೇರಿಸದೆ ಬಿಡದೆ, ಓದಬೇಕು. ಓದಲಾಗದು ಎನಿಸುವವರು ಸಂಕೋಚಪಡದೆ ತಿಳಿಸಿದರೆ ಬದಲಿ ಶಿಕ್ಷಕರನ್ನು ಕಳುಹಿಸುತ್ತೇವೆ. ಹುಡುಗನ ಹೆಸರನ್ನು ಬಾಯಲ್ಲಿ ಹೇಳಿ. ಈ ಹಾಳೆಯ ಫೋಟೋ ಹೊರಗೆ ಹರಿದಾಡಬಹುದಾದ್ದರಿಂದ ಇಲ್ಲಿ ಬರೆದಿಲ್ಲ.

"ಬಹಳ ದುಃಖದ ಸುದ್ದಿಯೊಂದನ್ನು ಹೇಳಬೇಕಾಗಿದೆ. ಹತ್ತನೇ 'ಬಿ' ವಿಭಾಗದ ನಮ್ಮ ವಿದ್ಯಾರ್ಥಿ ಶನಿವಾರ ರಾತ್ರಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದಾನೆ. ಆತ್ಮಹತ್ಯೆಗೆ ಯಾವುದೋ ಒಂದೇ ಕಾರಣ ಇರುವುದಿಲ್ಲ. ಅವನ ಮನಸ್ಸಿನಲ್ಲಿ ಏನೇನಿತ್ತೆಂದು ನಮಗೆ ಪೂರ್ತಿಯಾಗಿ ತಿಳಿಯಲಾರದು. ಇದು ಯಾರ ತಪ್ಪೂ ಅಲ್ಲ. ನಿಮಗೆ ಅಳು ಬರಬಹುದು, ಸಿಟ್ಟು ಬರಬಹುದು, ಏನೂ ಅನಿಸದೆಯೂ ಇರಬಹುದು. ನಿಮಗಾಗಲಿ, ನಿಮ್ಮ ಗೆಳೆಯರಿಗಾಗಲಿ ಬದುಕುವುದು ಬೇಡ ಎನಿಸಿದರೆ ಇವತ್ತೇ ನನಗೆ ಅಥವಾ ಆಪ್ತಸಮಾಲೋಚಕರಿಗೆ ಹೇಳಿ. ಅಂಥ ಸಂಕಟಕ್ಕೆ ಸಹಾಯವಿದೆ, ಅದರಿಂದ ಹೊರಬಂದವರು ಬಹಳ ಜನರಿದ್ದಾರೆ."

ಮಕ್ಕಳು ಪ್ರಶ್ನೆ ಕೇಳುತ್ತಾರೆ. ಹೇಗೆ, ಎಲ್ಲಿ, ಪತ್ರ ಬರೆದಿಟ್ಟಿದ್ದನೇ ಎಂಬುದಕ್ಕೆ ಯಾರೂ ಉತ್ತರಿಸಬಾರದು. ಪರೀಕ್ಷೆಯ ಭಯ, ಪ್ರೇಮ, ಯಾರದೋ ಬೈಗುಳ ಎಂಬ ಊಹೆಗಳಿಗೆ ಸಿಬ್ಬಂದಿ ಕೊಠಡಿಯಲ್ಲೂ ಜಾಗ ಕೊಡಬೇಡಿ. ಅದೇ ಕಷ್ಟದಲ್ಲಿರುವ ಇನ್ನೊಂದು ಮಗುವಿಗೆ, ಇಂಥ ಕಷ್ಟದ ಕೊನೆ ಇದೇ ಎಂದು ಅದು ಕೇಳಿಸುತ್ತದೆ. "ಅವನಿಗೆ ನೆಮ್ಮದಿ ಸಿಕ್ಕಿತು" ಎಂಬ ಸಾಂತ್ವನದ ಮಾತೂ ಬೇಡ, "ಹೇಡಿ" ಎಂಬ ನಿಂದೆಯೂ ಬೇಡ.

ಒಂದು ಆತ್ಮಹತ್ಯೆ ಇನ್ನೊಂದಕ್ಕೆ ದಾರಿಯಾಗುವ ಅಪಾಯ ಹದಿಹರೆಯದವರಲ್ಲಿ ಹೆಚ್ಚು. ಆಪ್ತ ಗೆಳೆಯರ ಮೇಲೆ ಎಲ್ಲರ ಕಣ್ಣಿರುತ್ತದೆ, ತಪ್ಪಿಹೋಗುವವರು ಬೇರೆಯವರು. ಇತ್ತೀಚೆಗೆ ಅವನೊಂದಿಗೆ ಜಗಳವಾಡಿದವರು, ಕೊನೆಯ ಮೆಸೇಜಿಗೆ ಉತ್ತರಿಸದವರು, ಮನೆಯಲ್ಲಿ ಈಗಾಗಲೇ ಒಂದು ಸಾವು ಕಂಡವರು, ಹಿಂದೆ ತಮ್ಮನ್ನು ಗಾಯಗೊಳಿಸಿಕೊಂಡವರು, ಅವನ ಪರಿಚಯವೇ ಇಲ್ಲದಿದ್ದರೂ "ನಾನೂ ಅವನ ಹಾಗೆಯೇ" ಎಂದುಕೊಳ್ಳುವವರು. ಇಂಥವರ ಹೆಸರನ್ನು ಆ ದಿನವೇ ಆಪ್ತಸಮಾಲೋಚಕರಿಗೆ ಕೊಡಿ. ಅನುಮಾನ ಬಂದರೆ "ಸಾಯಬೇಕು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಮನಸ್ಸಿಗೆ ಬರುವುದಿಲ್ಲ. ಹೌದು ಎಂದ ಮಗುವನ್ನು ಒಂಟಿಯಾಗಿ ಬಿಡದೆ, ಶೌಚಾಲಯಕ್ಕೂ ಒಬ್ಬನನ್ನೇ ಕಳುಹಿಸದೆ, ನೀವೇ ಸಮಾಲೋಚನಾ ಕೊಠಡಿಗೆ ಕರೆತನ್ನಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ.

ಕಚೇರಿಯವರು ಸೋಮವಾರದ ಹಾಜರಾತಿಗೆ ಮುನ್ನ ಅವನ ಹೆಸರನ್ನು ಸಾಫ್ಟ್‌ವೇರ್‌ನಿಂದ ತೆಗೆಯಲೇಬೇಕು. ಇಲ್ಲವಾದರೆ "ನಿಮ್ಮ ಮಗ ಇಂದು ಗೈರುಹಾಜರಾಗಿದ್ದಾನೆ" ಎಂಬ ಎಸ್ಸೆಮ್ಮೆಸ್ ತಾನಾಗಿಯೇ ಅವನ ತಾಯಿಯ ಫೋನಿಗೆ ಹೋಗುತ್ತದೆ. ಶುಲ್ಕದ ನೆನಪೋಲೆಗೂ ಇದೇ ಮಾತು ಅನ್ವಯಿಸುತ್ತದೆ.

ಅವನ ಬೆಂಚನ್ನು ರಾತ್ರೋರಾತ್ರಿ ಎತ್ತಿಸಬೇಡಿ. ಕೆಲವು ದಿನಗಳ ನಂತರ ಮಕ್ಕಳಿಗೆ ಮೊದಲೇ ಹೇಳಿ ಜಾಗಗಳನ್ನು ಬದಲಿಸಿ. ಹೂವು, ಕಾಗದ ಇಟ್ಟರೆ ಅಂತ್ಯಕ್ರಿಯೆ ಮುಗಿಯುವವರೆಗೆ ಇರಲಿ, ಆಮೇಲೆ ಕುಟುಂಬಕ್ಕೆ ತಲುಪಿಸೋಣ. ಅವನ ಹೆಸರಿನಲ್ಲಿ ಬಹುಮಾನ, ಗೋಡೆಯ ಮೇಲೆ ಭಾವಚಿತ್ರ, ವಿಶೇಷ ಸಭೆ ಮಾಡುವುದಿಲ್ಲ. ಕಾಯಿಲೆಯಿಂದಲೋ ಅಪಘಾತದಿಂದಲೋ ಒಬ್ಬ ವಿದ್ಯಾರ್ಥಿ ತೀರಿಕೊಂಡಿದ್ದರೆ ನಾವು ಏನು ಮಾಡುತ್ತಿದ್ದೆವೋ ಅಷ್ಟನ್ನೇ ಈಗಲೂ ಮಾಡಬೇಕು. ಇದು ನಿರ್ದಯವೆಂದು ಕೆಲವರಿಗೆ ತೋರಬಹುದು. ಆದರೆ ಬದುಕಿದ್ದಾಗ ಯಾರೂ ಗಮನಿಸದ ಹುಡುಗನನ್ನು ಸತ್ತ ಮೇಲೆ ಶಾಲೆಯೇ ಮೆರೆಸಿತು ಎಂದು ನೋವಿನಲ್ಲಿರುವ ಒಂದು ಮಗುವಿಗೆ ಅನ್ನಿಸಿದರೂ ಸಾಕು, ಅಪಾಯವಿದೆ. ಪಾಠಗಳು ಎಂದಿನಂತೆ ನಡೆಯಲಿ. ಆ ವಾರದ ಕಿರುಪರೀಕ್ಷೆಗಳನ್ನು ಮಾತ್ರ ಮುಂದೂಡಲಾಗಿದೆ.

ಪೋಷಕರಿಗೆ ಪತ್ರ ಸೋಮವಾರ ಮಧ್ಯಾಹ್ನದೊಳಗೆ ಹೋಗುತ್ತದೆ. ತರಗತಿಯ ವಾಟ್ಸಾಪ್ ಗುಂಪುಗಳಲ್ಲಿ ಶಿಕ್ಷಕರು ಚರ್ಚೆಗಿಳಿಯದೆ ಆ ಪತ್ರವನ್ನಷ್ಟೇ ಹಾಕಿ. ಪತ್ರಕರ್ತರೊಂದಿಗೆ ಮುಖ್ಯೋಪಾಧ್ಯಾಯರು ಮಾತ್ರ ಮಾತನಾಡುತ್ತಾರೆ.

ಅವನ ತರಗತಿ ಶಿಕ್ಷಕಿ ಮತ್ತು ಶಾಲಾ ಬಸ್ಸಿನ ಚಾಲಕರೂ ಆಘಾತದಲ್ಲಿದ್ದಾರೆ. ಸಮಾಲೋಚನೆ ಅವರಿಗೂ ಇದೆ. ನಿಗಾ ಪಟ್ಟಿಯನ್ನು ಪ್ರತಿ ಶುಕ್ರವಾರ ಪರಿಶೀಲಿಸಲಾಗುವುದು. ಅವನ ಹುಟ್ಟುಹಬ್ಬ, ಫಲಿತಾಂಶದ ದಿನ ಮತ್ತು ವರ್ಷ ತುಂಬುವ ದಿನಗಳಿಗೆ ಒಂದು ವಾರ ಮೊದಲೇ ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಆಪ್ತಸಮಾಲೋಚಕರು ಮತ್ತೆ ಕರೆದು ಮಾತನಾಡಿಸುತ್ತಾರೆ.