ಬ್ಯಾಕ್ಟೀರಿಯಾ ಜೆನೆಟಿಕ್ಸ್: ಪಿಜಿ ಪ್ರವೇಶ ಪರೀಕ್ಷೆಗೆ ಅಭ್ಯಾಸ ಪ್ರಶ್ನೆಗಳು, ವಿವರಣೆ ಸಹಿತ

ಒಟ್ಟು 10 ಪ್ರಶ್ನೆಗಳಿವೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಸಮಯ 25 ನಿಮಿಷ. ಉತ್ತರ ಪ್ರತಿ ಪ್ರಶ್ನೆಯ ಕೆಳಗೇ ಇದೆ, ಹಾಗಾಗಿ ಮೊದಲು ಒಂದು ಹಾಳೆಯಿಂದ ಮುಚ್ಚಿಕೊಂಡು ಬಿಡಿಸಿ. ಈ ಅಧ್ಯಾಯದಲ್ಲಿ ಅಂಕ ಹೋಗುವುದು ವ್ಯಾಖ್ಯೆ ಮರೆತಿದ್ದಕ್ಕಲ್ಲ, ಪ್ರಯೋಗದ ಡೇಟಾ ಓದಲು ಬಾರದ್ದಕ್ಕೆ. ಅದಕ್ಕೇ ಇಲ್ಲಿ ಡೇಟಾ ಇರುವ ಪ್ರಶ್ನೆಗಳೇ ಜಾಸ್ತಿ.

ಪ್ರಶ್ನೆ 1. ಯು-ಟ್ಯೂಬಿನ ಎರಡು ತೋಳುಗಳಲ್ಲಿ ಎರಡು ಬೇರೆ ಬೇರೆ ಆಕ್ಸೊಟ್ರೋಫ್ ಸ್ಟ್ರೇನ್‌ಗಳಿವೆ. ನಡುವಿನ ಫಿಲ್ಟರ್ ಬ್ಯಾಕ್ಟೀರಿಯಾ ಕೋಶಗಳನ್ನು ದಾಟಲು ಬಿಡುವುದಿಲ್ಲ. ದ್ರವಕ್ಕೆ ಡಿಎನ್‌ಏಸ್ ಹಾಕಿದ್ದರೂ ಒಂದು ತೋಳಿನಲ್ಲಿ ಪ್ರೊಟೊಟ್ರೋಫ್‌ಗಳು ಕಾಣಿಸಿಕೊಂಡವು. ಕಾರಣ ಯಾವುದು?

ಎ) ಕಾಂಜುಗೇಶನ್
ಬಿ) ಟ್ರಾನ್ಸ್‌ಫಾರ್ಮೇಶನ್
ಸಿ) ಟ್ರಾನ್ಸ್‌ಡಕ್ಷನ್
ಡಿ) ಕೋಶಗಳ ಬೆಸುಗೆ

ಉತ್ತರ: ಸಿ. ಕಾಂಜುಗೇಶನ್‌ಗೆ ಕೋಶ ಕೋಶವನ್ನು ಮುಟ್ಟಲೇಬೇಕು. ಫಿಲ್ಟರ್ ಇರುವುದರಿಂದ ಎ, ಡಿ ಎರಡೂ ಹೋದವು. ಟ್ರಾನ್ಸ್‌ಫಾರ್ಮೇಶನ್‌ನಲ್ಲಿ ಡಿಎನ್‌ಎ ಬರಿಮೈಯಲ್ಲಿ ದ್ರವದೊಳಗೆ ಇರುತ್ತದೆ, ಡಿಎನ್‌ಏಸ್ ಅದನ್ನು ಕತ್ತರಿಸಿ ಹಾಕುತ್ತದೆ. ಉಳಿದದ್ದು ಫೇಜ್. ಅದು ಫಿಲ್ಟರ್ ದಾಟುವಷ್ಟು ಚಿಕ್ಕದು, ಡಿಎನ್‌ಎ ಪ್ರೊಟೀನ್ ಕವಚದೊಳಗೆ ಸುರಕ್ಷಿತ. 1950ರಲ್ಲಿ ಡೇವಿಸ್ ಇ. ಕೋಲಿಯ ಮೇಲೆ ಇದೇ ಟ್ಯೂಬ್ ಬಳಸಿದಾಗ ಪ್ರೊಟೊಟ್ರೋಫ್ ಬರಲಿಲ್ಲ. ಅಲ್ಲಿ ಕೋಶಗಳ ಸ್ಪರ್ಶ ಬೇಕೆಂದು ಅದರಿಂದ ತಿಳಿಯಿತು. 1952ರಲ್ಲಿ ಜಿಂಡರ್ ಮತ್ತು ಲೆಡರ್‌ಬರ್ಗ್ ಸಾಲ್ಮೊನೆಲ್ಲಾದಲ್ಲಿ ಮಾಡಿದಾಗ ಬಂದವು, ಜಾಡು ಹಿಡಿದು ಹೋದಾಗ ಪಿ22 ಫೇಜ್ ಸಿಕ್ಕಿತು. ಪ್ರಶ್ನೆಯಲ್ಲಿ ಯಾವ ಬ್ಯಾಕ್ಟೀರಿಯಾ, ಡಿಎನ್‌ಏಸ್ ಇತ್ತೋ ಇಲ್ಲವೋ, ಇವೆರಡನ್ನೂ ನೋಡದೆ ಉತ್ತರ ಬರೆಯಬೇಡಿ.

ಪ್ರಶ್ನೆ 2. ಫ್ಲಕ್ಚುಯೇಶನ್ ಟೆಸ್ಟ್‌ಗಾಗಿ 100 ಟ್ಯೂಬುಗಳಲ್ಲಿ ಇ. ಕೋಲಿ ಬೆಳೆಸಲಾಗಿದೆ. ಪ್ರತಿ ಟ್ಯೂಬಿನಲ್ಲೂ 2 × 10⁸ ಕೋಶಗಳಿವೆ. ಪ್ರತಿ ಟ್ಯೂಬನ್ನೂ ಪೂರ್ತಿಯಾಗಿ ಫೇಜ್ ಇರುವ ಪ್ಲೇಟಿಗೆ ಸುರಿದಾಗ 37 ಟ್ಯೂಬುಗಳಿಂದ ಒಂದೂ ನಿರೋಧಕ ಕಾಲೊನಿ ಬರಲಿಲ್ಲ. ಪ್ರತಿ ಕೋಶಕ್ಕೆ ಮ್ಯುಟೇಶನ್ ದರ ಸುಮಾರು ಎಷ್ಟು?

ಎ) 1.85 × 10⁻⁹
ಬಿ) 3.15 × 10⁻⁹
ಸಿ) 5 × 10⁻⁹
ಡಿ) 2 × 10⁻⁸

ಉತ್ತರ: ಸಿ. ಒಂದೂ ಮ್ಯುಟೇಶನ್ ಆಗದ ಟ್ಯೂಬುಗಳ ಪಾಲು P₀. ಪಾಯ್ಸಾನ್ ಪ್ರಕಾರ:

```
P0 = e^(-m)
m  = -ln(0.37) ≈ 1
ದರ = m / N = 1 / (2 × 10^8) = 5 × 10^-9
```

ಆಯ್ಕೆ ಬಿ ನೋಡಿ. 63 ಟ್ಯೂಬುಗಳಲ್ಲಿ ಕಾಲೊನಿ ಬಂದಿದೆ, ಅಂದರೆ ಟ್ಯೂಬಿಗೆ ಸರಾಸರಿ 0.63 ಮ್ಯುಟೇಶನ್ ಎಂದುಕೊಂಡವರು ಅಲ್ಲಿ ಬೀಳುತ್ತಾರೆ. ಆ 63ರಲ್ಲಿ ಕೆಲವು ಟ್ಯೂಬುಗಳಲ್ಲಿ ಎರಡು, ಮೂರು ಸಲ ಮ್ಯುಟೇಶನ್ ಆಗಿರಬಹುದು, ಅಲ್ವಾ? ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಲಾಗ್ ಬೇಕು. ಕಾಲೊನಿಗಳನ್ನು ಎಣಿಸಿ ಸರಾಸರಿ ತೆಗೆಯುವುದೂ ಸರಿಯಲ್ಲ. ಮೊದಲ ಕೆಲವು ತಲೆಮಾರಿನಲ್ಲೇ ಮ್ಯುಟೇಶನ್ ಆದ ಟ್ಯೂಬಿನಲ್ಲಿ ಅದರ ಸಂತತಿಯೇ ನೂರಾರು ಇರುತ್ತದೆ, ಒಂದೇ ಟ್ಯೂಬು ಸರಾಸರಿಯನ್ನು ಎಳೆದುಬಿಡುತ್ತದೆ. ಟ್ಯೂಬಿನಿಂದ ಟ್ಯೂಬಿಗೆ ಈ ದೊಡ್ಡ ಏರುಪೇರನ್ನು ಕಂಡೇ 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್, ನಿರೋಧ ಶಕ್ತಿ ಫೇಜ್ ತಗುಲಿದ ಮೇಲೆ ಹುಟ್ಟುವುದಲ್ಲ, ಮೊದಲೇ ತಾನಾಗಿ ಹುಟ್ಟಿರುತ್ತದೆ ಎಂದು ತೋರಿಸಿದರು. ಫೇಜ್‌ನಿಂದಲೇ ಹುಟ್ಟುವಂತಿದ್ದರೆ ವೇರಿಯನ್ಸ್ ಸರಾಸರಿಯಷ್ಟೇ ಇರಬೇಕಿತ್ತು.

ಪ್ರಶ್ನೆ 3. ಕೆಳಗಿನ ಮೇಟಿಂಗ್‌ನಿಂದ leu⁺ ರೀಕಾಂಬಿನಂಟ್‌ಗಳನ್ನೆಲ್ಲ ಆರಿಸಬೇಕು. thr⁺ ಆಗಿದ್ದರೂ ಸರಿ, ಆಗದಿದ್ದರೂ ಸರಿ. ಯಾವ ಪ್ಲೇಟ್ ಬೇಕು?

```
Hfr thr+ leu+ strS  ×  F- thr- leu- strR
```

ಎ) ಮಿನಿಮಲ್ + ಲ್ಯೂಸಿನ್ + ಸ್ಟ್ರೆಪ್ಟೊಮೈಸಿನ್
ಬಿ) ಮಿನಿಮಲ್ + ಥ್ರಿಯೊನಿನ್ + ಸ್ಟ್ರೆಪ್ಟೊಮೈಸಿನ್
ಸಿ) ಮಿನಿಮಲ್ + ಥ್ರಿಯೊನಿನ್
ಡಿ) ಮಿನಿಮಲ್ + ಸ್ಟ್ರೆಪ್ಟೊಮೈಸಿನ್

ಉತ್ತರ: ಬಿ. ಸ್ಟ್ರೆಪ್ಟೊಮೈಸಿನ್ ಇಲ್ಲದಿದ್ದರೆ ಡೋನರ್ ಕೋಶಗಳೇ ಪ್ಲೇಟ್ ತುಂಬುತ್ತವೆ. ಥ್ರಿಯೊನಿನ್ ಕೊಡದಿದ್ದರೆ thr⁻ ಆಗಿ ಉಳಿದವು ಸಾಯುತ್ತವೆ. ಲ್ಯೂಸಿನ್ ಕೊಟ್ಟರೆ leu⁺ ಆರಿಸಿದಂತೆ ಆಗುವುದೇ ಇಲ್ಲ. ಯಾವ ಜೀನ್ ಬೇಕೋ ಅದರ ಪೋಷಕಾಂಶ ಮಾತ್ರ ಕೊಡಬೇಡಿ, ಉಳಿದದ್ದೆಲ್ಲ ಕೊಡಿ.

ಪ್ರಶ್ನೆ 4. ಒಂದೇ ಎಫ್ ಪ್ಲಸ್ ಸ್ಟ್ರೇನ್‌ನಿಂದ ನಾಲ್ಕು Hfr ಸ್ಟ್ರೇನ್‌ಗಳು ಬಂದಿವೆ. ಅವು ಮೊದಲು ದಾಟಿಸುವ ನಾಲ್ಕು ಜೀನ್‌ಗಳ ಕ್ರಮ ಇಲ್ಲಿದೆ. ಪರೀಕ್ಷಿಸಿದ ಜೀನ್‌ಗಳು ಒಟ್ಟು ಆರು: ಕ, ಗ, ಚ, ಟ, ತ, ಪ.

| ಸ್ಟ್ರೇನ್ | ಮೊದಲಿನಿಂದ ಕ್ರಮ |
|---|---|
| 1 | ಕ ಗ ಚ ಟ |
| 2 | ಗ ಕ ಪ ತ |
| 3 | ತ ಟ ಚ ಗ |
| 4 | ಟ ತ ಪ ಕ |

ಸ್ಟ್ರೇನ್ 2ರಲ್ಲಿ ಎಫ್ ಫ್ಯಾಕ್ಟರ್ ಕ್ರೋಮೊಸೋಮಿನ ಯಾವ ಎರಡು ಜೀನ್‌ಗಳ ನಡುವೆ ಸೇರಿಕೊಂಡಿದೆ?

ಎ) ಗ ಮತ್ತು ಕ
ಬಿ) ಪ ಮತ್ತು ತ
ಸಿ) ಗ ಮತ್ತು ಚ
ಡಿ) ತ ಮತ್ತು ಟ

ಉತ್ತರ: ಸಿ. ಒಂದು ವೃತ್ತ ಬರೆದುಕೊಳ್ಳಿ. ಸ್ಟ್ರೇನ್ 1ರಿಂದ ಕ-ಗ-ಚ-ಟ ಸಿಕ್ಕಿತು. ಸ್ಟ್ರೇನ್ 4ರಲ್ಲಿ ಟ ಆದಮೇಲೆ ತ, ಪ, ಮತ್ತೆ ಕ. ವೃತ್ತ ಮುಚ್ಚಿತು: ಕ-ಗ-ಚ-ಟ-ತ-ಪ-ಕ. ಸ್ಟ್ರೇನ್ 2 ಮತ್ತು 3 ಇದೇ ವೃತ್ತದಲ್ಲಿ ಎದುರು ದಿಕ್ಕಿಗೆ ಓಡುತ್ತವೆ, ಏಕೆಂದರೆ ಅವುಗಳಲ್ಲಿ ಎಫ್ ತಿರುಗಿ ಸೇರಿಕೊಂಡಿದೆ. ಸ್ಟ್ರೇನ್ 2 ಮುಂದುವರಿದರೆ ಗ, ಕ, ಪ, ತ, ಟ, ಚ. ಎಲ್ಲಕ್ಕಿಂತ ಮೊದಲು ಹೋಗುವುದು ಗ, ಕೊನೆಗೆ ಹೋಗುವುದು ಚ. ಎಫ್ ಇರುವುದು ಈ ಮೊದಲು ಮತ್ತು ಕೊನೆಯ ನಡುವೆ. ಗ ಮತ್ತು ಕ ಒಟ್ಟಿಗೆ ಮೊದಲು ಬಂದವು ಅಂತ ಅವುಗಳ ನಡುವೆ ಎಫ್ ಇದೆ ಎಂದು ಗುರುತು ಹಾಕುವವರೇ ಜಾಸ್ತಿ. ಹಾಗಿದ್ದರೆ ಕ ಕೊನೆಗೆ ಬರಬೇಕಿತ್ತು.

ಪ್ರಶ್ನೆ 5. Hfr ಜೊತೆ ಮೇಟಿಂಗ್ ಆದ ಎಫ್ ಮೈನಸ್ ಕೋಶ ಸಾಮಾನ್ಯವಾಗಿ ಎಫ್ ಮೈನಸ್ ಆಗಿಯೇ ಉಳಿಯುತ್ತದೆ. ಏಕೆ?

ಎ) ಎಫ್‌ನ ಒಂದು ಭಾಗ ಮೊದಲು, ಉಳಿದ ಭಾಗ ಕಟ್ಟಕಡೆಗೆ ಹೋಗುತ್ತದೆ, ಅಷ್ಟರೊಳಗೆ ಜೋಡಿ ಬೇರೆಯಾಗಿರುತ್ತದೆ
ಬಿ) Hfr ಕೋಶಕ್ಕೆ ಪೈಲಸ್ ಇರುವುದಿಲ್ಲ
ಸಿ) ರೆಸಿಪಿಯಂಟ್ ಎಫ್ ಡಿಎನ್‌ಎಯನ್ನು ಗುರುತಿಸಿ ಒಡೆಯುತ್ತದೆ
ಡಿ) ಎಫ್ ಡೋನರ್‌ನಲ್ಲಿ ರೆಪ್ಲಿಕೇಟ್ ಆಗುವುದಿಲ್ಲ

ಉತ್ತರ: ಎ. ಇ. ಕೋಲಿಯ ಕ್ರೋಮೊಸೋಮ್ ಪೂರ್ತಿ ದಾಟಲು ಸುಮಾರು 100 ನಿಮಿಷ ಬೇಕು. ಅಷ್ಟು ಹೊತ್ತು ಜೋಡಿ ಅಂಟಿಕೊಂಡಿರುವುದು ಅಪರೂಪ.

ಪ್ರಶ್ನೆ 6. ಪಿ1 ಟ್ರಾನ್ಸ್‌ಡಕ್ಷನ್‌ನಲ್ಲಿ ಎರಡು ಜೀನ್‌ಗಳ ಕೋಟ್ರಾನ್ಸ್‌ಡಕ್ಷನ್ ಪ್ರಮಾಣ 12.5%. ಫೇಜ್ ಹೊರುವ ತುಂಡಿನ ಉದ್ದ 2 ನಿಮಿಷ ಎಂದಿಟ್ಟುಕೊಂಡರೆ ಜೀನ್‌ಗಳ ನಡುವಿನ ದೂರ ಎಷ್ಟು?

ಎ) 0.25 ನಿಮಿಷ
ಬಿ) 0.5 ನಿಮಿಷ
ಸಿ) 1 ನಿಮಿಷ
ಡಿ) 1.75 ನಿಮಿಷ

ಉತ್ತರ: ಸಿ. ವೂ ಅವರ ಸೂತ್ರ ಬಳಸಿ:

```
C = (1 - d/L)^3
0.125 = (1 - d/2)^3
0.5 = 1 - d/2
d = 1 ನಿಮಿಷ
```

ಘನ ಮರೆತು ನೇರ ಸಂಬಂಧ ಹಾಕಿದರೆ 1.75 ಬರುತ್ತದೆ, ಆ ಬಲೆ ಡಿ ಆಯ್ಕೆಯಲ್ಲಿದೆ. ಕೋಟ್ರಾನ್ಸ್‌ಡಕ್ಷನ್ ಪ್ರಮಾಣ ಜಾಸ್ತಿ ಆದಷ್ಟೂ ಜೀನ್‌ಗಳು ಹತ್ತಿರ. ರೀಕಾಂಬಿನೇಶನ್ ಪ್ರಮಾಣ ಜಾಸ್ತಿ ಆದಷ್ಟೂ ದೂರ. ಪರೀಕ್ಷೆಯ ಗಡಿಬಿಡಿಯಲ್ಲಿ ಇವೆರಡು ಅದಲುಬದಲಾಗುತ್ತವೆ, ಜೋಪಾನ.

ಪ್ರಶ್ನೆ 7. ಲ್ಯಾಂಬ್ಡಾ ಪ್ರೊಫೇಜ್ ತನ್ನ ಸಹಜ ಜಾಗದಲ್ಲಿ ಕೂತಿದೆ. ಇಂಡಕ್ಷನ್ ಆದಾಗ ಸ್ಪೆಷಲೈಸ್ಡ್ ಟ್ರಾನ್ಸ್‌ಡಕ್ಷನ್‌ನಲ್ಲಿ ಹೋಗಬಲ್ಲ ಜೀನ್‌ಗಳು:

ಎ) lac ಅಥವಾ trp
ಬಿ) gal ಅಥವಾ bio
ಸಿ) thr ಅಥವಾ leu
ಡಿ) ಕ್ರೋಮೊಸೋಮಿನ ಯಾವ ಜೀನ್ ಆದರೂ

ಉತ್ತರ: ಬಿ. ಪ್ರೊಫೇಜ್ ತಪ್ಪಾಗಿ ಕತ್ತರಿಸಿಕೊಂಡು ಹೊರಬಂದಾಗ ಅಕ್ಕಪಕ್ಕದ್ದು ಮಾತ್ರ ಸೇರಿಬರುತ್ತದೆ. ಡಿ ಎಂಬುದು ಪಿ1, ಪಿ22 ಮಾಡುವ ಜನರಲೈಸ್ಡ್ ಟ್ರಾನ್ಸ್‌ಡಕ್ಷನ್‌ಗೆ ಹೊಂದುವ ಮಾತು.

ಪ್ರಶ್ನೆ 8. ಗ್ಲೂಕೋಸ್ ಇಲ್ಲದ ಮೀಡಿಯಂನಲ್ಲಿ ಈ ಪಾರ್ಶಿಯಲ್ ಡಿಪ್ಲಾಯ್ಡ್ ಬೆಳೆಯುತ್ತಿದೆ:

```
F' I+ Oc Z- Y+  /  I+ O+ Z+ Y-
```

ಎ) ಬೀಟಾ-ಗ್ಯಾಲಕ್ಟೊಸಿಡೇಸ್, ಪರ್ಮಿಯೇಸ್ ಎರಡೂ ಸದಾ ತಯಾರಾಗುತ್ತವೆ
ಬಿ) ಎರಡೂ ಇಂಡ್ಯೂಸರ್ ಇದ್ದಾಗ ಮಾತ್ರ
ಸಿ) ಬೀಟಾ-ಗ್ಯಾಲಕ್ಟೊಸಿಡೇಸ್ ಇಂಡ್ಯೂಸರ್ ಇದ್ದಾಗ ಮಾತ್ರ, ಪರ್ಮಿಯೇಸ್ ಸದಾ
ಡಿ) ಪರ್ಮಿಯೇಸ್ ಇಂಡ್ಯೂಸರ್ ಇದ್ದಾಗ ಮಾತ್ರ, ಬೀಟಾ-ಗ್ಯಾಲಕ್ಟೊಸಿಡೇಸ್ ಸದಾ

ಉತ್ತರ: ಸಿ. ಆಪರೇಟರ್ ತಾನಿರುವ ಡಿಎನ್‌ಎಯ ಜೀನ್‌ಗಳನ್ನು ಮಾತ್ರ ಆಳುತ್ತದೆ. Oc ಇರುವ ಕಡೆ ಕೆಲಸ ಮಾಡುವ ಜೀನ್ Y⁺ ಒಂದೇ, ಹಾಗಾಗಿ ಪರ್ಮಿಯೇಸ್‌ಗೆ ತಡೆಯಿಲ್ಲ. Z⁺ ಇರುವುದು O⁺ ಜೊತೆ, ಅಲ್ಲಿ ರಿಪ್ರೆಸರ್ ಕೂರುತ್ತದೆ.

ಈಗ ಒಂದು ಹೆಜ್ಜೆ ಮುಂದೆ. ಎರಡರಲ್ಲಿ ಯಾವುದಾದರೂ ಒಂದು I⁺ ಬದಲು Is ಆದರೆ? Is ರಿಪ್ರೆಸರ್‌ಗೆ ಇಂಡ್ಯೂಸರ್ ಅಂಟುವುದಿಲ್ಲ, ಅದು O⁺ ಬಿಟ್ಟು ಏಳುವುದೇ ಇಲ್ಲ. ರಿಪ್ರೆಸರ್ ಪ್ರೊಟೀನ್ ಕೋಶದ ತುಂಬ ಓಡಾಡುವುದರಿಂದ ಅದು ಯಾವ ಡಿಎನ್‌ಎಯಿಂದ ಬಂತು ಎಂಬುದು ಮುಖ್ಯವಲ್ಲ. ಬೀಟಾ-ಗ್ಯಾಲಕ್ಟೊಸಿಡೇಸ್ ಇಂಡ್ಯೂಸರ್ ಕೊಟ್ಟರೂ ಬರುವುದಿಲ್ಲ. Oc ಮೇಲೆ ಮಾತ್ರ ಅದರ ಆಟ ನಡೆಯದು, ಪರ್ಮಿಯೇಸ್ ಬರುತ್ತಲೇ ಇರುತ್ತದೆ. ಇಂಥ ಪ್ರಶ್ನೆ ಬಂದಾಗ I ಯಾವ ಕಡೆಯದ್ದಾದರೂ ಎರಡೂ ಕಡೆಗೆ ಸಲ್ಲುತ್ತದೆ, O ತನ್ನ ಸಾಲಿಗೆ ಮಾತ್ರ ಸಲ್ಲುತ್ತದೆ ಎಂದು ನೋಡಿಕೊಂಡು, ಸಾಲು ಸಾಲಾಗಿ ಬಿಡಿಸಿ.

ಪ್ರಶ್ನೆ 9. ಇ. ಕೋಲಿಯ trp ಲೀಡರ್‌ನಲ್ಲಿ ಜೊತೆಜೊತೆಗಿರುವ ಎರಡು ಟ್ರಿಪ್ಟೊಫಾನ್ ಕೋಡಾನ್‌ಗಳನ್ನು ಗ್ಲೈಸಿನ್ ಕೋಡಾನ್‌ಗಳಾಗಿ ಬದಲಿಸಲಾಗಿದೆ. ಕೋಶದಲ್ಲಿ ಟ್ರಿಪ್ಟೊಫಾನ್ ಇಲ್ಲ, ಗ್ಲೈಸಿನ್ ಬೇಕಾದಷ್ಟಿದೆ. ಏನಾಗುತ್ತದೆ?

ಎ) ಒಪೆರಾನ್ ಪೂರ್ಣ ವೇಗದಲ್ಲಿ ಓಡುತ್ತದೆ
ಬಿ) ರಿಪ್ರೆಸರ್ ಕೂತು ಟ್ರಾನ್ಸ್‌ಕ್ರಿಪ್ಶನ್ ಶುರುವೇ ಆಗುವುದಿಲ್ಲ
ಸಿ) ಟ್ರಾನ್ಸ್‌ಕ್ರಿಪ್ಶನ್ ಶುರುವಾದರೂ ಬಹುಪಾಲು ಲೀಡರ್‌ನಲ್ಲೇ ನಿಲ್ಲುತ್ತದೆ
ಡಿ) ರೈಬೋಸೋಮ್ ಭಾಗ 1ರಲ್ಲಿ ನಿಂತು 2-3 ಜೋಡಿ ಆಗುತ್ತದೆ

ಉತ್ತರ: ಸಿ. ಎರಡು ಬೀಗಗಳಿವೆ, ಬೇರೆ ಬೇರೆಯಾಗಿ ನೋಡಿ. ರಿಪ್ರೆಸರ್ ಕೂರಲು ಟ್ರಿಪ್ಟೊಫಾನ್ ಬೇಕು. ಅದಿಲ್ಲ, ಆದ್ದರಿಂದ ಟ್ರಾನ್ಸ್‌ಕ್ರಿಪ್ಶನ್ ಶುರುವಾಗುತ್ತದೆ, ಬಿ ತಪ್ಪು. ಮುಂದಿನದು ಅಟೆನ್ಯುಯೇಶನ್. ಸಹಜ ಲೀಡರ್ ಪೆಪ್ಟೈಡ್‌ನಲ್ಲಿ 14 ಅಮೈನೋ ಆಮ್ಲಗಳು, 10 ಮತ್ತು 11ನೆಯವು ಟ್ರಿಪ್ಟೊಫಾನ್. ಅದು ಸಿಗದಿದ್ದಾಗ ರೈಬೋಸೋಮ್ ಅಲ್ಲೇ ನಿಲ್ಲುತ್ತದೆ, 2-3 ಜೋಡಿಯಾಗುತ್ತದೆ, ಟರ್ಮಿನೇಟರ್ ಆಗುವುದಿಲ್ಲ. ಇಲ್ಲಿ ಗ್ಲೈಸಿನ್ ಇರುವುದರಿಂದ ರೈಬೋಸೋಮ್ ನಿಲ್ಲದೆ ಸಾಗಿ ಭಾಗ 2ನ್ನು ಮುಚ್ಚುತ್ತದೆ. 3-4 ಟರ್ಮಿನೇಟರ್ ಮೂಡುತ್ತದೆ. ಪಾಪ, ಕೋಶಕ್ಕೆ ಟ್ರಿಪ್ಟೊಫಾನ್ ಬೇಕಾದ ಹೊತ್ತಿಗೇ ಒಪೆರಾನ್ ನಿಂತುಹೋಗುತ್ತದೆ. his ಒಪೆರಾನ್‌ನ ಲೀಡರ್‌ನಲ್ಲಿ ಸಾಲಾಗಿ 7 ಹಿಸ್ಟಿಡಿನ್ ಕೋಡಾನ್‌ಗಳಿವೆ, ತರ್ಕ ಅದೇ.

ಪ್ರಶ್ನೆ 10. ಏಮ್ಸ್ ಟೆಸ್ಟ್‌ನಲ್ಲಿ his⁻ ಸಾಲ್ಮೊನೆಲ್ಲಾ ಪ್ಲೇಟುಗಳಲ್ಲಿ ಬಂದ ಕಾಲೊನಿಗಳು:

| | ಲಿವರ್ ಸಾರ ಇಲ್ಲದೆ | ಲಿವರ್ ಸಾರದ ಜೊತೆ |
|---|---|---|
| ಕಂಟ್ರೋಲ್ | 18 | 21 |
| ರಾಸಾಯನಿಕ | 20 | 340 |

ಎ) ರಾಸಾಯನಿಕ ನೇರವಾಗಿ ಮ್ಯುಟಾಜೆನ್
ಬಿ) ಲಿವರ್ ಸಾರವೇ ಮ್ಯುಟಾಜೆನ್
ಸಿ) ಲಿವರ್ ಎನ್‌ಜೈಮ್‌ಗಳು ಬದಲಿಸಿದ ಮೇಲೆ ರಾಸಾಯನಿಕ ಮ್ಯುಟಾಜೆನ್ ಆಗುತ್ತದೆ
ಡಿ) ರಾಸಾಯನಿಕ ಹಿಸ್ಟಿಡಿನ್‌ನ ಕೆಲಸ ಮಾಡುತ್ತಿದೆ

ಉತ್ತರ: ಸಿ. ಸುಮ್ನೆ 340 ನೋಡಿ ಎ ಬರೆಯಬೇಡಿ, ಪಕ್ಕದ 20 ನೋಡಿ. ಕಂಟ್ರೋಲ್‌ನ 18ಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. 21 ಬಿಯನ್ನು ತಳ್ಳಿಹಾಕುತ್ತದೆ. ಡಿ ನಿಜವಾಗಿದ್ದರೆ ಲಿವರ್ ಸಾರ ಇಲ್ಲದ ಪ್ಲೇಟಿನಲ್ಲೂ ಕೋಶಗಳು ಹಾಸಿದಂತೆ ಬೆಳೆಯಬೇಕಿತ್ತು. ಕಂಟ್ರೋಲ್‌ನ ಆ ಹದಿನೆಂಟು ಇಪ್ಪತ್ತು ಕಾಲೊನಿಗಳು ತಾನಾಗಿ ಆದ ರಿವರ್ಟಂಟ್‌ಗಳು. ಮೇಲ್ಪದರದ ಅಗಾರ್‌ಗೆ ಚೂರೇ ಚೂರು ಹಿಸ್ಟಿಡಿನ್ ಹಾಕಿರುತ್ತಾರೆ. ಕೋಶಗಳು ಕೆಲವು ಸಲ ವಿಭಜನೆಯಾದರೆ ತಾನೇ ಡಿಎನ್‌ಎಗೆ ಆದ ಏಟು ಮ್ಯುಟೇಶನ್ ಆಗಿ ಉಳಿಯುವುದು. ಪ್ರಶ್ನೆಯಲ್ಲಿ ಸ್ಟ್ರೇನ್ ಹೆಸರು ಕೊಟ್ಟಿದ್ದರೆ ಅದನ್ನೂ ಗಮನಿಸಿ: TA98 ಫ್ರೇಮ್‌ಶಿಫ್ಟ್ ಹಿಡಿಯಲು, TA100 ಬೇಸ್ ಬದಲಾವಣೆ ಹಿಡಿಯಲು.